ಪಕ್ಕದ ಮೇಜಿನವರೇ ಈಗ ಲೀಡ್: ಅಭಿನಂದನೆ ಮೇಲ್ ಹೇಗೆ ಬರೆಯೋದು?

ಲೆಡ್ಜರ್‌ಲೋಕ

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಬೆಳಿಗ್ಗೆಯಿಂದ ತಲೆ ತಿನ್ನುತ್ತಿದೆ.

ನಮ್ಮದು ಅಕೌಂಟ್ಸ್ ವಿಭಾಗ. ಪಕ್ಕದ ಮೇಜಿನಲ್ಲಿ ಕೂರುವ ಸಹೋದ್ಯೋಗಿಗೆ ಟೀಮ್ ಲೀಡ್ ಆಗಿ ಬಡ್ತಿ ಸಿಕ್ಕಿದೆ. ಹೆಸರು ಬೇಡ, ಎಸ್ ಅಂತ ಇಟ್ಟುಕೊಳ್ಳಿ. ಕೆಲವು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಮುಂದಿನ ತಿಂಗಳಿಂದ ನಾನು ಅವರಿಗೇ ರಿಪೋರ್ಟ್ ಮಾಡಬೇಕು. ಇನ್ನೊಂದು ವಿಷಯ, ಆ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ. ಅದು ಅವರಿಗೂ ಗೊತ್ತು.

ಒಂಚೂರೂ ಬೇಜಾರಾಗಿಲ್ಲ ಅಂದರೆ ನೀವ್ಯಾರೂ ನಂಬಲ್ಲ, ಅದಕ್ಕೇ ಹಾಗೆ ಹೇಳಲ್ಲ. ಆದರೆ ಕೆಲಸದಲ್ಲಿ ಅವರು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಮನಸ್ಸಿಟ್ಟು ಒಂದು ಮೇಲ್ ಬರೆಯಬೇಕು ಅಂತಿದ್ದೇನೆ. ತೀರಾ ಆತ್ಮೀಯವಾಗಿ ಬರೆದರೆ ಹೊಸ ಬಾಸ್‌ಗೆ ಬೆಣ್ಣೆ ಹಚ್ಚಿದ ಹಾಗೆ, ತೀರಾ ಔಪಚಾರಿಕವಾಗಿ ಬರೆದರೆ ಮುನಿಸಿಕೊಂಡ ಹಾಗೆ. ಈಗ ಇಷ್ಟು ಬರೆದಿದ್ದೇನೆ:

> ವಿಷಯ: ಅಭಿನಂದನೆಗಳು
>
> ಮಾನ್ಯರೇ,
>
> ತಾವು ಟೀಮ್ ಲೀಡ್ ಆಗಿ ಪದೋನ್ನತಿ ಹೊಂದಿರುವ ವಿಷಯ ತಿಳಿದು ಅತೀವ ಸಂತೋಷವಾಯಿತು. ಇದು ತಮ್ಮ ಅವಿರತ ಪರಿಶ್ರಮ, ಸಮರ್ಪಣಾ ಮನೋಭಾವ ಹಾಗೂ ಅಪಾರ ಪ್ರತಿಭೆಗೆ ಸಂದ ಗೌರವ. ಇಷ್ಟು ದಿನ ವಿಭಾಗದಲ್ಲಿದ್ದ ಅವ್ಯವಸ್ಥೆಯನ್ನು ಸರಿಪಡಿಸಿದ್ದೇ ತಾವು. ತಮ್ಮ ಮಾರ್ಗದರ್ಶನದಲ್ಲಿ ಕೆಲಸ ಮಾಡಲು ಉತ್ಸುಕನಾಗಿದ್ದೇನೆ. ಯಾವುದೇ ಸಹಾಯ ಬೇಕಿದ್ದರೂ ತಿಳಿಸಿ.

ಓದಿದರೆ ನನಗೇ ಯಾರೋ ಬೇರೆಯವರು ಬರೆದ ಹಾಗೆ ಅನಿಸುತ್ತಿದೆ. ಏನು ಮಾಡಲಿ?

ಅರೆನಿದ್ದೆ

ಸನ್ಮಾನ ಪತ್ರ ಓದಿದ ಹಾಗಾಯಿತು. ಶಾಲು ಎಲ್ಲಿ?

ಸುಮ್ನಿರಲಾರೆ

ಮೊದಲು ನಿಮಗೆ ಅಭಿನಂದನೆ! ಬಡ್ತಿ ಬಂದಾಗ ಮೇಲಿನವರಿಗೆ ಧನ್ಯವಾದ ಹೇಳುವ ಮೇಲ್ ಚಿಕ್ಕದಾಗಿರಲಿ. "ನಂಬಿಕೆ ಇಟ್ಟಿದ್ದಕ್ಕೆ ಧನ್ಯವಾದ, ಉಳಿಸಿಕೊಳ್ಳುತ್ತೇನೆ" ಅಂದರೆ ಸಾಕು.

ಲೆಡ್ಜರ್‌ಲೋಕ

@ಸುಮ್ನಿರಲಾರೆ ಬಡ್ತಿ ಬಂದಿದ್ದು ನನಗಲ್ಲ ಮಾರಾಯ್ರೇ. ಅದೇ ಅಲ್ವಾ ಸಮಸ್ಯೆ.

ಸುಮ್ನಿರಲಾರೆ

ಅಯ್ಯೋ ಹೌದಾ. ಸರಿ ಸರಿ, ಕೂತು ಓದುತ್ತೇನೆ.

ಕಿಟಕಿಸೀಟು

ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಮ್ಯಾನೇಜರ್ ಎಲ್ಲರಿಗೂ ಘೋಷಣೆ ಮೇಲ್ ಕಳಿಸುತ್ತಾರೆ. ಅದಕ್ಕೆ ರಿಪ್ಲೈ ಆಲ್ ಒತ್ತಿ "ಅಭಿನಂದನೆಗಳು" ಅಂತ ಹಾಕಿ. ಎಲ್ಲರ ಕಣ್ಣಿಗೂ ಬೀಳುತ್ತದೆ. ನೀವು ಮುನಿಸಿಕೊಂಡಿಲ್ಲ ಅಂತ ಇಡೀ ವಿಭಾಗಕ್ಕೆ ಗೊತ್ತಾಗುತ್ತದೆ. ನಿಮ್ಮ ವಿಷಯದಲ್ಲಿ ಅದು ಮುಖ್ಯ.

ಎಂಟರ್‌ಬಟನ್

ರಿಪ್ಲೈ ಆಲ್ ಅಂತೆ. ಒಬ್ಬರು ಶುರು ಮಾಡಿದರೆ ಸಂಜೆಯವರೆಗೂ "ಅಭಿನಂದನೆಗಳು", "ನನ್ನದೂ", "ಶುಭವಾಗಲಿ" ಅಂತ ಬಂದಿದ್ದೇ ಬಂದಿದ್ದು. ಕೊನೆಗೊಬ್ಬರು "ದಯವಿಟ್ಟು ಯಾರೂ ರಿಪ್ಲೈ ಆಲ್ ಮಾಡಬೇಡಿ" ಅಂತ ರಿಪ್ಲೈ ಆಲ್ ಮಾಡುತ್ತಾರೆ.

ಹಳೇಫೈಲು

ಎಚ್‌ಆರ್ ಕೆಲಸದಲ್ಲಿದ್ದು ಈಗ ನಿವೃತ್ತಿಯಾಗಿದ್ದೇನೆ. ಇಂಥ ಮೇಲ್‌ಗಳನ್ನು ರಾಶಿ ರಾಶಿ ಓದಿದ್ದೇನೆ. ಬಡ್ತಿ ಬಂದವರು ಖುಷಿಗೆ ಫಾರ್ವರ್ಡ್ ಮಾಡುತ್ತಿದ್ದರು, ಒಮ್ಮೊಮ್ಮೆ ಬೇಜಾರಿಗೂ ಮಾಡುತ್ತಿದ್ದರು.

ಕಿಟಕಿಸೀಟು ಅವರ ಮಾತು ಅರ್ಧ ಸರಿ. ಎಲ್ಲರೆದುರಿಗೆ ಒಂದು ಸಾಲು ಹೇಳುವುದು ಒಳ್ಳೆಯದೇ, ಅದರಲ್ಲೂ ಅರ್ಜಿ ಹಾಕಿ ಸಿಗದವರು ಹೇಳಿದರೆ ತಂಡ ನಿರಾಳವಾಗುತ್ತದೆ. ಆದರೆ ಅದು ತಂಡಕ್ಕೆ ಮಾಡಿದ್ದು. ಎಸ್‌ಗೆ ಹೇಳಬೇಕಾದದ್ದು ಬೇರೆ ಮೇಲ್, ಅವರೊಬ್ಬರಿಗೇ. ಸಿಸಿಯಲ್ಲಿ ಮ್ಯಾನೇಜರನ್ನು ಹಾಕಿದಿರೋ, ಅದು ಎಸ್‌ಗಲ್ಲ, ಮ್ಯಾನೇಜರ್‌ಗೆ ಬರೆದದ್ದು ಅಂತಲೇ ಓದಿಕೊಳ್ಳುತ್ತಾರೆ.

ಈಗ ನಿಮ್ಮ ಕರಡಿಗೆ ಬರೋಣ. ಮೇಲಿನ ಹೆಸರು, ಹುದ್ದೆ ಎರಡನ್ನೂ ಅಳಿಸಿ ಓದಿ. ಗೋದಾಮಿನವರಿಗೂ ಕಳಿಸಬಹುದು, ವಕೀಲರಿಗೂ ಕಳಿಸಬಹುದು. ಪರಿಶ್ರಮ, ಸಮರ್ಪಣೆ, ಪ್ರತಿಭೆ ಎಲ್ಲ ಗುಣಗಳ ಹೆಸರು. ಗುಣ ಹೊಗಳಿದರೆ ಹೊಗಳಿಕೆ ಹಾಗೇ ತೇಲಿ ಹೋಗುತ್ತದೆ, ಓದಿದವರಿಗೆ ಅದರಲ್ಲಿ ತಾನು ಕಾಣುವುದಿಲ್ಲ. ನೀವು ಬೆಣ್ಣೆ ಅಂದಿರಲ್ಲ, ಅದು ಬರುವುದು ಅಲ್ಲಿಂದಲೇ. ಆತ್ಮೀಯತೆ ಜಾಸ್ತಿಯಾಗಿ ಅಲ್ಲ, ಖಚಿತವಾದ ಮಾತು ಕಡಿಮೆಯಾಗಿ.

ಒಂದು ಪ್ರಶ್ನೆ. ಎಸ್ ಮಾಡಿದ ಯಾವ ಕೆಲಸ ನೋಡಿ ನಿಮಗೆ "ಇವರು ಲೀಡ್ ಆಗಬಲ್ಲರು" ಅನಿಸಿತು? ಒಂದೇ ಒಂದು ಹೇಳಿ. ಅವರು ಓದಿದರೆ "ಓ, ಇದನ್ನು ಇವರು ಗಮನಿಸಿದ್ದರಾ" ಅನ್ನುವಂಥದ್ದು.

ಲೆಡ್ಜರ್‌ಲೋಕ

@ಹಳೇಫೈಲು ಹಾಗೆ ಕೇಳಿದರೆ ಒಂದಿದೆ ಸರ್.

ನಮ್ಮಲ್ಲಿ ತಿಂಗಳ ಕೊನೆಗೆ ಲೆಕ್ಕ ಮುಚ್ಚುವಾಗ ದೊಡ್ಡ ಗಲಾಟೆ. ನಮ್ಮ ಪುಸ್ತಕಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆ ಆಗದ ಎಂಟ್ರಿಗಳೆಲ್ಲ ಕೊನೆಯ ದಿನ ಒಟ್ಟಿಗೆ ಮೇಲೆ ಬೀಳುತ್ತಿದ್ದವು. ಯಾರೋ ಹಣ ಕಟ್ಟಿರುತ್ತಾರೆ, ಯಾವ ಬಿಲ್ಲಿಗೆ ಅಂತ ಬರೆದಿರಲ್ಲ. ಕೇಳೋಣ ಅಂದರೆ ಆ ಹೊತ್ತಿಗೆ ಯಾರೂ ಫೋನ್ ಎತ್ತಲ್ಲ. ರಾತ್ರಿಯವರೆಗೂ ಕೂರುತ್ತಿದ್ದೆವು.

ಎಸ್ ಯಾರೂ ಹೇಳದೆ ಒಂದು ಶೀಟ್ ಶುರು ಮಾಡಿದರು. ಯಾವ ಎಂಟ್ರಿ ಸಿಕ್ಕಿಕೊಂಡಿದೆ, ಯಾಕೆ, ಯಾರನ್ನು ಕೇಳಬೇಕು. ಇಷ್ಟೇ ಕಾಲಂ. ವಾರಕ್ಕೊಮ್ಮೆ ನಮ್ಮ ಹತ್ತಿರ ಬಂದು ಎರಡೆರಡು ಸಾಲು ತುಂಬಿಸಿಕೊಂಡು ಹೋಗುತ್ತಿದ್ದರು. ಮೊದಲು ನಮಗೆಲ್ಲ ಕಿರಿಕಿರಿ. ಆಮೇಲೆ ನೋಡಿದರೆ ತಿಂಗಳ ಕೊನೆಗೆ ಉಳಿಯುವುದು ಬೆರಳೆಣಿಕೆ ಎಂಟ್ರಿ. ಈಗ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತೇವೆ.

ಹಳೇಫೈಲು

ಸಿಕ್ಕಿತು ನೋಡಿ ನಿಮ್ಮ ಮೇಲ್. ಇದನ್ನೇ ಮೂರು ಸಾಲಿಗೆ ಇಳಿಸಿ. ಅವರು ಏನು ಮಾಡಿದರು, ಅದರಿಂದ ನಿಮಗೆ ಏನಾಯಿತು. ನಿಮ್ಮ ವಿಶೇಷಣಗಳು ಯಾವುದೂ ಬೇಡ.

ಕರಡಿನಲ್ಲಿ ಒಂದು ಸಾಲು ಅಪಾಯದ್ದು. "ವಿಭಾಗದಲ್ಲಿದ್ದ ಅವ್ಯವಸ್ಥೆ". ಎಸ್‌ಗಿಂತ ಮೊದಲು ಲೀಡ್ ಆಗಿದ್ದವರು ಈಗ ಎಲ್ಲಿದ್ದಾರೆ?

ಲೆಡ್ಜರ್‌ಲೋಕ

ಇಲ್ಲೇ ಇದ್ದಾರೆ. ಅವರೂ ಒಂದು ಮೆಟ್ಟಿಲು ಮೇಲೆ ಹೋದರು. ಎಸ್ ಇನ್ನು ಅವರಿಗೆ ರಿಪೋರ್ಟ್ ಮಾಡುತ್ತಾರೆ.

ಅರೆನಿದ್ದೆ

😬

ಹಳೇಫೈಲು

ಅಲ್ಲಿಗೆ ಮುಗೀತು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಇಳಿಸುವ ಸಾಲು ಮೇಲ್‌ನಲ್ಲಿ ಇರಲೇಬಾರದು. ಎಸ್ ಖುಷಿಯಿಂದ "ನೋಡಿ ನನ್ನ ಟೀಮ್ ಏನು ಬರೆದಿದೆ" ಅಂತ ತಮ್ಮ ಬಾಸ್‌ಗೆ ಫಾರ್ವರ್ಡ್ ಮಾಡಬಹುದು, ಅವರಿಗೆ ಆ ಸಾಲು ಕಣ್ಣಿಗೆ ಬಿದ್ದಿರಲ್ಲ. ಅಥವಾ ಕಣ್ಣಿಗೆ ಬಿದ್ದು, ಮೇಲ್ ಯಾರಿಗೂ ತೋರಿಸಲಾರದೆ ಕೂರಬಹುದು. ಎರಡೂ ನಷ್ಟವೇ.

ಆ ಶೀಟಿನ ಕಥೆಯಲ್ಲೂ ಇದೇ ಎಚ್ಚರ. "ಮೊದಲು ರಾತ್ರಿಯವರೆಗೂ ಕೂರುತ್ತಿದ್ದೆವು" ಅನ್ನುವುದು ಹಿಂದಿನವರಿಗೆ ಚುಚ್ಚುತ್ತದೆ. "ಈಗ ತಿಂಗಳ ಕೊನೆ ನಿರಾಳ" ಅಂದರೆ ಅದೇ ವಿಷಯ, ಯಾರಿಗೂ ನೋವಿಲ್ಲ.

ಮಾತುಗಾರ್ತಿ

ಹಳೇಫೈಲು ಸರ್ ಹೇಳಿದ್ದು ನೂರಕ್ಕೆ ನೂರು. ಆದರೆ ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಘೋಷಣೆ ಅಧಿಕೃತವಾಗಿ ಆಗಿದೆಯಾ? ಲೆಡ್ಜರ್‌ಲೋಕ, ನಿಮಗೆ ಹೇಗೆ ಗೊತ್ತಾಯಿತು?

ಲೆಡ್ಜರ್‌ಲೋಕ

ಮ್ಯಾನೇಜರ್ ನನ್ನನ್ನು ಕರೆದು ಹೇಳಿದರು, ಅರ್ಜಿ ಹಾಕಿದ್ದೆನಲ್ಲ ಅದಕ್ಕೆ. ಎಚ್‌ಆರ್ ಮೇಲ್ ಇನ್ನೂ ಬಂದಿಲ್ಲ. ಈ ವಾರ ಬರುತ್ತದೆ ಅಂದರು.

ಮಾತುಗಾರ್ತಿ

ಹಾಗಾದರೆ ಇವತ್ತು ಕಳಿಸಲೇಬೇಡಿ! ನಮ್ಮ ಹಳೇ ಆಫೀಸಿನಲ್ಲಿ ಒಬ್ಬರು ಹೀಗೇ ಬೇಗ ಗೊತ್ತಾಯಿತು ಅಂತ ತಂಡವನ್ನೆಲ್ಲ ಸಿಸಿ ಮಾಡಿ ಶುಭಾಶಯ ಕಳಿಸಿದರು. ಅದೇ ಹುದ್ದೆಗೆ ಕಾಯುತ್ತಿದ್ದ ಇನ್ನೊಬ್ಬರಿಗೆ ತಮಗೆ ಸಿಕ್ಕಿಲ್ಲ ಅಂತ ಗೊತ್ತಾಗಿದ್ದೇ ಆ ಮೇಲ್‌ನಿಂದ. ಅವರ ಮ್ಯಾನೇಜರ್ ಮಧ್ಯಾಹ್ನ ಕರೆದು ಹೇಳೋಣ ಅಂತಿದ್ದರಂತೆ. ಬಡ್ತಿ ಬಂದವರಿಗೂ ಆ ದಿನ ಖುಷಿ ಪಡಲು ಆಗಲಿಲ್ಲ, ಪಾಪ.

ಹಳೇಫೈಲು

ಮಾತುಗಾರ್ತಿ ಮೇಡಂ ಸರಿಯಾಗಿ ಹಿಡಿದರು. ಘೋಷಣೆ ಬರುವ ತನಕ ಆ ಸುದ್ದಿ ಹೊರಗೆ ಹೇಳುವ ಹಕ್ಕು ನಿಮ್ಮದಲ್ಲ. ಕೆಲವು ಕಡೆ ಕೊನೆಯ ಸಹಿ ಬೀಳುವ ತನಕ ಹುದ್ದೆಯ ಹೆಸರು, ಯಾವಾಗಿನಿಂದ ಅನ್ನುವುದು ಕೂಡ ಬದಲಾಗುತ್ತಿರುತ್ತದೆ. ಬೇಗ ಕಳಿಸಿದ ಮೇಲ್‌ನಲ್ಲಿ ತಪ್ಪು ಹುದ್ದೆ ಬರೆದು ಪೇಚಾಡಿದವರನ್ನು ನೋಡಿದ್ದೇನೆ. ಘೋಷಣೆ ಮೇಲ್‌ನಲ್ಲಿ ಹುದ್ದೆಯ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ಅದು ಬಂದ ದಿನ ಅಥವಾ ಮರುದಿನ ಕಳಿಸಿದರೆ ಸಾಕು.

ಕಿಟಕಿಸೀಟು

ಅಷ್ಟರಲ್ಲಿ ಎದುರಿಗೆ ಸಿಕ್ಕರೆ ಏನು ಮಾಡಬೇಕು? ಪಕ್ಕದ ಮೇಜು ಸ್ವಾಮಿ. ಗೊತ್ತಿಲ್ಲದ ಹಾಗೆ ನಾಟಕ ಮಾಡಬೇಕಾ?

ಹಳೇಫೈಲು

ಎಸ್‌ಗೆ ಗೊತ್ತು, ಇವರಿಗೂ ಗೊತ್ತು. ಇಬ್ಬರೇ ಇರುವಾಗ ಮೆಲ್ಲಗೆ ಒಂದು ಮಾತು ಹೇಳಿದರೆ ತೊಂದರೆ ಇಲ್ಲ. ನಾಲ್ಕು ಜನರ ಎದುರಿಗೆ ಬೇಡ. ಬರಹದಲ್ಲಿ ಬೇಡ, ಚಾಟ್‌ನಲ್ಲೂ ಬೇಡ.

ಲೆಡ್ಜರ್‌ಲೋಕ

ಸರಿ, ಕಾಯುತ್ತೇನೆ. ಅಲ್ಲಿಯವರೆಗೆ ಎರಡನೇ ಕರಡು. ಹರಿದು ಹಾಕಿ:

> ವಿಷಯ: ಟೀಮ್ ಲೀಡ್ ಆಗಿದ್ದಕ್ಕೆ ಅಭಿನಂದನೆ
>
> ಎಸ್,
>
> ಟೀಮ್ ಲೀಡ್ ಆಗಿದ್ದಕ್ಕೆ ಹೃತ್ಪೂರ್ವಕ ಅಭಿನಂದನೆ. ಸುದ್ದಿ ಕೇಳಿ ಖುಷಿಯಾಯಿತು.
>
> ತಾಳೆ ಆಗದ ಎಂಟ್ರಿಗಳಿಗೆ ನೀವು ಶುರು ಮಾಡಿದ ಶೀಟ್ ನನಗೆ ಮೊದಲು ನೆನಪಾಯಿತು. ಯಾರೂ ಹೇಳದೆ ಅದನ್ನು ಮಾಡಿದಿರಿ. ವಾರ ವಾರ ನಮ್ಮ ಮೇಜಿಗೆ ಬಂದು ತುಂಬಿಸಿಕೊಂಡಿರಿ. ಈಗ ತಿಂಗಳ ಕೊನೆ ನಿರಾಳವಾಗಿರುವುದು ಅದರಿಂದ.
>
> ಈ ಹುದ್ದೆಗೆ ನಾನೂ ಅರ್ಜಿ ಹಾಕಿದ್ದು ನಿಮಗೆ ಗೊತ್ತು. ಬೇಜಾರಾಗಿದ್ದು ನಿಜ, ಆದರೂ ನಿಮಗೆ ಸಿಕ್ಕಿದ್ದು ಸರಿಯಾಗಿಯೇ ಇದೆ ಅನಿಸುತ್ತದೆ.
>
> ತಮ್ಮ ಮಾರ್ಗದರ್ಶನದಲ್ಲಿ ಕೆಲಸ ಮಾಡಲು ಉತ್ಸುಕನಾಗಿದ್ದೇನೆ.

ಎಂಟರ್‌ಬಟನ್

ಮೊದಲರ್ಧ ಚೆನ್ನಾಗಿದೆ. ಕೊನೆಯ ಸಾಲಿನಲ್ಲಿ ಮತ್ತೆ ಸನ್ಮಾನ ಪತ್ರ ಎದ್ದು ಬಂತು. ಒಂದೇ ಮೇಲ್‌ನಲ್ಲಿ "ನೀವು" ಇದ್ದದ್ದು "ತಾವು" ಆಗಿದೆ ನೋಡಿ.

ಕಿಟಕಿಸೀಟು

ಅರ್ಜಿಯ ಸಾಲು ಇರಲಿ. ಅದೇ ಈ ಮೇಲ್‌ನ ಜೀವ. ಪ್ರಾಮಾಣಿಕವಾಗಿದೆ.

ಹಳೇಫೈಲು

ನನಗೆ ಆ ಸಾಲು ಬೇಡ ಅನಿಸುತ್ತದೆ. ಪ್ರಾಮಾಣಿಕವಲ್ಲ ಅಂತಲ್ಲ. ಅದನ್ನು ಓದಿದ ಮೇಲೆ ಎಸ್ ಏನು ಉತ್ತರ ಬರೆಯಬೇಕು, ಯೋಚಿಸಿ. "ಧನ್ಯವಾದ" ಅಂದರೆ ಸಾಲದು. "ನಿಮಗೂ ಮುಂದೆ ಸಿಗುತ್ತದೆ", "ಬೇಜಾರು ಮಾಡಿಕೊಳ್ಳಬೇಡಿ" ಅಂತ ಸಮಾಧಾನ ಹೇಳಬೇಕಾಗುತ್ತದೆ. ಅಭಿನಂದನೆ ಪಡೆದವರು ಅಭಿನಂದಿಸಿದವರನ್ನು ಸಂತೈಸುವ ಹಾಗಾಯಿತು. ಅದೂ ನಾಳೆ ಅವರು ನಿಮ್ಮ ಅಪ್ರೈಸಲ್ ಬರೆಯುವವರು. "ನಿಮಗೂ ಸಿಗುತ್ತದೆ" ಅಂತ ಬರಹದಲ್ಲಿ ಕೊಡುವುದು ಅವರಿಗೆ ಕಷ್ಟ. ಆ ಮಾತು ಮುಖತಃ ಆಡಿ. ಮಾತಿನಲ್ಲಾದರೆ ಒಂದು ನಗುವಿನಲ್ಲಿ ಮುಗಿಯುತ್ತದೆ.

ಬೆಳ್ಳಿಚುಕ್ಕಿ

ಇಲ್ಲಿ ನಾನು ಒಪ್ಪಲ್ಲ ಸರ್. ನಾನು ಎಸ್ ಜಾಗದಲ್ಲಿ ಇದ್ದವಳು. ಬಡ್ತಿ ಬಂದಾಗ ಮೇಲ್‌ಗಳು ಸಾಕಷ್ಟು ಬಂದವು, ಯಾವುದರಲ್ಲಿ ಏನಿತ್ತು ಅಂತ ಈಗ ಒಂದೂ ನೆನಪಿಲ್ಲ. ನೆನಪಿರುವುದು ಒಂದೇ. ನನ್ನ ಜೊತೆ ಅರ್ಜಿ ಹಾಕಿದ್ದವರದ್ದು.

ಅವರು ಹೇಗೆ ತೆಗೆದುಕೊಂಡರೋ ಅಂತ ನನಗೆ ಒಳಗೊಳಗೇ ಅಳುಕಿತ್ತು. ಎದುರಿಗೆ ಸಿಕ್ಕರೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಅವರು ಒಂದೇ ಸಾಲು ಬರೆದಿದ್ದರು, "ನಾವಿಬ್ಬರೂ ಸ್ಪರ್ಧೆಯಲ್ಲಿದ್ದೆವು, ಆದರೆ ಇನ್ನು ನಾನು ನಿಮ್ಮ ಕಡೆ" ಅಂತ. ಬೇಜಾರು ಗೀಜಾರು ಏನೂ ಇಲ್ಲ. ಮರುದಿನ ನಾನೇ ಅವರ ಮೇಜಿಗೆ ಹೋಗಿ ಮಾತಾಡಿದೆ. ಆ ಸಾಲು ಬರದಿದ್ದರೆ ಹೋಗುತ್ತಿರಲಿಲ್ಲ.

ಸುಮ್ಮನಿದ್ದರೆ ವಿಷಯ ಮಾಯವಾಗಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮುಚ್ಚಿ ಬರೆದರೆ ಮುಚ್ಚಿದ್ದೇ ಕಾಣುತ್ತದೆ.

ಹಳೇಫೈಲು

@ಬೆಳ್ಳಿಚುಕ್ಕಿ ನಿಮಗೆ ಬಂದ ಸಾಲು ಚೆನ್ನಾಗಿದೆ, ಒಪ್ಪುತ್ತೇನೆ. ಅದು ಉತ್ತರ ಕೇಳುವುದಿಲ್ಲ. ಲೆಡ್ಜರ್‌ಲೋಕ ಬರೆದದ್ದರಲ್ಲಿ "ಬೇಜಾರಾಗಿದ್ದು ನಿಜ" ಇದೆ, ಅದು ಕೇಳುತ್ತದೆ. ಜೊತೆಗೆ "ನಿಮಗೆ ಸಿಕ್ಕಿದ್ದು ಸರಿಯಾಗಿಯೇ ಇದೆ" ಅನ್ನುವುದು ಆಯ್ಕೆ ಸಮಿತಿಯ ತೀರ್ಪಿಗೆ ನೀವು ಮೊಹರು ಒತ್ತಿದ ಹಾಗೆ ಕೇಳಿಸುತ್ತದೆ. ಆದರೂ ಬರಹದಲ್ಲಿ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಇಬ್ಬರ ನಡುವೆ ಸಲಿಗೆ ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ.

ಬೆಳ್ಳಿಚುಕ್ಕಿ

ಸಲಿಗೆ ಇಲ್ಲದಿದ್ದರೇ ಆ ಸಾಲು ಜಾಸ್ತಿ ಬೇಕು ಅಂತ ನಾನು.

ಅರೆನಿದ್ದೆ

ಇಬ್ಬರೂ ಸರಿ. ನಾನು ನಿದ್ದೆಗೆ ಹೋಗುತ್ತೇನೆ.

ಗಡಿಬಿಡಿ

ನನ್ನದೂ ಒಂದಿದೆ, ಯಾರಾದರೂ ಹೇಳಿ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಈಗ ನನ್ನ ಸಮಕ್ಕೆ ಬಂದಿದ್ದಾನೆ. ಮೇಲ್ ಬರೆದು "ನಾನು ಕಲಿಸಿದ್ದು ವ್ಯರ್ಥವಾಗಲಿಲ್ಲ" ಅಂತ ಸೇರಿಸಿದ್ದೇನೆ. ಪ್ರೀತಿಯಿಂದಲೇ. ಹೆಂಡತಿ ಓದಿ "ಇದು ನಿನಗೆ ನೀನೇ ಕೊಟ್ಟುಕೊಂಡ ಅಭಿನಂದನೆ" ಅಂದಳು.

ಮಾತುಗಾರ್ತಿ

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ 😄 ಅವರು ಹೇಳಿದ್ದೇ ಸರಿ. ಕಲಿಸಿದ್ದು ನೀವು ಅಂತ ಅವನಿಗೆ ಗೊತ್ತಿರುತ್ತದೆ. ಬೇಕಾದರೆ ಅವನೇ ಉತ್ತರದಲ್ಲಿ ಹೇಳುತ್ತಾನೆ. ನೀವು ಹೇಳಿದರೆ ಅವನಿಗೆ ಹೇಳಲು ಏನು ಉಳಿಯಿತು?

ಕಿಟಕಿಸೀಟು

ಬಡ್ತಿ ಅಂದರೆ ಈಗೇನು, ಹುದ್ದೆಯ ಹೆಸರು ಉದ್ದವಾಗುತ್ತದೆ, ಕೆಲಸ ದುಪ್ಪಟ್ಟಾಗುತ್ತದೆ, ಸಂಬಳ ಅಲ್ಲೇ. ಅಭಿನಂದನೆ ಬದಲು ಸಂತಾಪ ಕಳಿಸಬೇಕು.

ಸುಮ್ನಿರಲಾರೆ

ಅದಕ್ಕೇ ಮೇಲ್‌ನಲ್ಲಿ "ಇನ್ನು ಸಂಬಳ ಜೋರು, ಪಾರ್ಟಿ ಯಾವಾಗ" ಅಂತ ಕೇಳಬೇಡಿ. ಏರಿಕೆ ಸಿಕ್ಕಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಸಿಕ್ಕಿಲ್ಲದಿದ್ದರೆ ಗಾಯಕ್ಕೆ ಉಪ್ಪು.

ಎಂಟರ್‌ಬಟನ್

ಸುಮ್ನಿರಲಾರೆ ಕೊನೆಗೂ ವಿಷಯಕ್ಕೆ ಬಂದರು!

ನಾನು ತಾಂತ್ರಿಕ ಕಡೆಯಿಂದ ಸ್ವಲ್ಪ. ಹೊಸ ಮೇಲ್ ತೆರೆದು ಬರೆಯಿರಿ. ಎಸ್ ಜೊತೆಗಿನ ಯಾವುದೋ ಹಳೇ ಮೇಲ್‌ಗೆ ರಿಪ್ಲೈ ಒತ್ತಿ ವಿಷಯ ಬದಲಿಸುವ ಅಭ್ಯಾಸ ಬಹಳ ಜನರಿಗಿದೆ. ಆಗ ನಿಮ್ಮ ಶುಭಾಶಯದ ಕೆಳಗೆ ಯಾವುದೋ ಬಾಕಿ ಬಿಲ್ಲಿನ ಜಗಳ ಉದ್ದಕ್ಕೆ ನೇತಾಡುತ್ತಿರುತ್ತದೆ. ಫಾರ್ವರ್ಡ್ ಆದರೆ ಅದೂ ಹೋಗುತ್ತದೆ.

ಎರಡನೆಯದು, ಯಾರಿಗೆ ಅನ್ನುವ ಜಾಗ ಕೊನೆಗೆ ತುಂಬಿ. ಎರಡಕ್ಷರ ಒತ್ತಿದ ಕೂಡಲೇ ಅದೇ ಹೆಸರಿನ ಬೇರೆ ಯಾರದ್ದೋ ವಿಳಾಸ ತಾನೇ ಬಂದು ಕೂರುತ್ತದೆ. ಜಿಮೇಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ Undo Send ಅನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಇಡಲು ಆಗಲ್ಲ. ಔಟ್‌ಲುಕ್‌ನಲ್ಲಿ ಕಳಿಸಿದ್ದನ್ನು ವಾಪಸ್ ಪಡೆಯುವ ಸೌಲಭ್ಯ ಇದೆ, ಆದರೆ ಅದು ಸಂಸ್ಥೆಯ ಒಳಗಿನ ಮೇಲ್‌ಗೆ ಮಾತ್ರ. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಕಿಟಕಿಸೀಟು

ಐದು ಸಾಲಿನ ಶುಭಾಶಯಕ್ಕೆ ಇಷ್ಟೊಂದು ಬಂದೋಬಸ್ತು!

ಲೆಡ್ಜರ್‌ಲೋಕ

ಒಂದು ತೊಂದರೆ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ನಾವಿಬ್ಬರೂ ಮಾತಾಡುವುದು "ನೀನು" ಅಂತ. ಮೊದಲಿನಿಂದಲೂ. ಕರಡಿನಲ್ಲಿ "ನೀವು" ಬರೆದಿದ್ದೇನೆ, ಮೇಲ್ ಅಲ್ವಾ ಅಂತ. ಈಗ ಓದಿದರೆ ಅವಳು "ಏನೋ, ಒಂದೇ ದಿನಕ್ಕೆ ದೂರ ಮಾಡಿದೆಯಾ" ಅಂತಾಳೆ. "ನೀನು" ಬರೆದರೆ ಲೀಡ್ ಅನ್ನೋ ಗೌರವ ಇಲ್ಲ ಅಂತ ಬೇರೆಯವರು ಅಂದುಕೊಳ್ಳಬಹುದು.

ಬೆಳ್ಳಿಚುಕ್ಕಿ

ಇಷ್ಟು ಹೊತ್ತು "ಅವರು" ಅಂತಿದ್ದವರು ಈಗ "ಅವಳು" ಅಂದಿರಿ. ಸಲಿಗೆ ಇದೆ ಅಂತ ಆಯಿತು. ಹಾಗಿದ್ದರೆ ಹಿಂದೆ ಅವಳಿಗೆ ಆಫೀಸ್ ಮೇಲ್ ಬರೆಯುವಾಗ ಏನು ಬರೆಯುತ್ತಿದ್ದಿರಿ?

ಲೆಡ್ಜರ್‌ಲೋಕ

ಬೇರೆಯವರು ಸಿಸಿಯಲ್ಲಿದ್ದರೆ "ನೀವು". ನಾವಿಬ್ಬರೇ ಆದರೆ "ಆ ಫೈಲ್ ಕಳಿಸು" ಅಷ್ಟೇ.

ಹಳೇಫೈಲು

ಹಾಗಾದರೆ ಅದನ್ನೇ ಮುಂದುವರಿಸಿ. ಇಬ್ಬರೇ ಇರುವ ಮೇಲ್‌ನಲ್ಲಿ "ನೀನು". ಎಲ್ಲರೂ ನೋಡುವ ಘೋಷಣೆಯ ಕೆಳಗೆ ಒಂದು ಸಾಲು ಹಾಕುತ್ತೀರಲ್ಲ, ಅಲ್ಲಿ "ನೀವು". ಬಡ್ತಿ ಸಿಕ್ಕಿದ ದಿನವೇ ಸಂಬೋಧನೆ ಬದಲಾದರೆ, ಅದು ಗೌರವಕ್ಕಿಂತ ಮುನಿಸು ಅಂತಲೇ ಮನಸ್ಸಿಗೆ ತಟ್ಟುತ್ತದೆ.

ಮಾತುಗಾರ್ತಿ

ನಾನಾದರೆ "ನೀವು" ಅಂತಲೇ ಬರೆಯುತ್ತಿದ್ದೆ. ಮೇಲ್ ಉಳಿಯುತ್ತದೆ. ಹಳೇಫೈಲು ಸರ್ ತಾನೇ ಫಾರ್ವರ್ಡ್ ಆಗಬಹುದು ಅಂದಿದ್ದು? ಎಸ್ ಅದನ್ನು ತೋರಿಸಿದರೆ ನೋಡಿದವರಿಗೆ "ಲೀಡ್‌ನ ತಂಡದವನು ನೀನು ಅಂತಾನೆ" ಅನ್ನುವುದೇ ಕಾಣುವುದು. ಹೆಣ್ಣುಮಕ್ಕಳು ಲೀಡ್ ಆದಾಗ ಇದನ್ನು ಜಾಸ್ತಿ ಗಮನಿಸುತ್ತಾರೆ, ನನಗೆ ಗೊತ್ತು.

ಹಳೇಫೈಲು

ಹ್ಞೂಂ. ಆ ಕೋನದಿಂದ ನೋಡಿದರೆ ನಿಮ್ಮ ಮಾತಿನಲ್ಲಿ ತೂಕ ಇದೆ ಮೇಡಂ.

ಎಂಟರ್‌ಬಟನ್

ಕ್ರಿಯಾಪದದಲ್ಲೇ ಸಿಕ್ಕಿಬೀಳುತ್ತೀವಲ್ಲ, ಅದು ಕಷ್ಟ. "ಮಾಡಿದೆ", "ಮಾಡಿದಿರಿ". ಬೇಕಾದರೆ ವಾಕ್ಯವನ್ನು ಆ ಶೀಟಿನ ಮೇಲೆ ತಿರುಗಿಸಿ. "ಆ ಶೀಟ್ ಬಂದ ಮೇಲೆ ತಿಂಗಳ ಕೊನೆ ನಿರಾಳ". ಅಲ್ಲಿ ನೀನೂ ಇಲ್ಲ, ನೀವೂ ಇಲ್ಲ.

ಅರೆನಿದ್ದೆ

ಹಾಗೆ ಬರೆದರೆ ಶೀಟಿಗೆ ಬಡ್ತಿ ಬಂದ ಹಾಗಿರುತ್ತದೆ.

ಬೆಳ್ಳಿಚುಕ್ಕಿ

ನಿದ್ದೆಗೆ ಹೋಗಿದ್ದಿರಲ್ಲ?

ಗಡಿಬಿಡಿ

ಇನ್ನೊಂದು ಪ್ರಶ್ನೆ. ಲೆಡ್ಜರ್‌ಲೋಕ ಮೊದಲ ಕರಡಿನಲ್ಲಿ "ಯಾವುದೇ ಸಹಾಯ ಬೇಕಿದ್ದರೂ ತಿಳಿಸಿ" ಅಂತ ಇತ್ತು, ಎರಡನೆಯದರಲ್ಲಿ ಇಲ್ಲ. ಅದು ಒಳ್ಳೆಯ ಸಾಲು ಅಲ್ವಾ? ಯಾಕೆ ತೆಗೆದಿರಿ?

ಹಳೇಫೈಲು

ಆ ಸಾಲು ಎಲ್ಲರೂ ಬರೆಯುತ್ತಾರೆ, ಓದಿ ಯಾರೂ ಸಹಾಯ ಕೇಳುವುದಿಲ್ಲ. ಇವರ ವಿಷಯದಲ್ಲಿ ಇನ್ನೊಂದು ತೊಡಕು, ಇನ್ನು ಎಸ್ ಹೇಳಿದ ಕೆಲಸ ಮಾಡುವುದು ಇವರ ಕರ್ತವ್ಯವೇ. ಅದನ್ನು ಸಹಾಯ ಅಂತ ಕರೆದರೆ ಸ್ವಲ್ಪ ವಿಚಿತ್ರ.

ಬದಲಿಗೆ ಒಂದು ಚಿಕ್ಕ, ಕೈಗೆ ಸಿಗುವ ವಿಷಯ ಹೇಳಬಹುದು. ಲೀಡ್ ಆದ ಮೇಲೆ ಆ ಶೀಟನ್ನು ವಾರ ವಾರ ತುಂಬಿಸಲು ಎಸ್‌ಗೆ ಪುರುಸೊತ್ತು ಸಿಗುತ್ತದಾ?

ಲೆಡ್ಜರ್‌ಲೋಕ

ಖಂಡಿತ ಇಲ್ಲ. ನಾನೇ ಅದನ್ನು ತೆಗೆದುಕೊಳ್ಳಬೇಕು ಅಂತ ಅಂದುಕೊಳ್ಳುತ್ತಿದ್ದೆ.

ಹಳೇಫೈಲು

ಅದನ್ನೇ ಬರೆಯಿರಿ. "ಬೇಕಾದರೆ" ಅನ್ನುವುದು ಸೇರಿಸಿ, ಯಾಕಂದರೆ ಯಾರಿಗೆ ಯಾವ ಕೆಲಸ ಅಂತ ಹಂಚುವುದು ಇನ್ನು ಅವರ ಅಧಿಕಾರ. ನಾನು ನಿಮ್ಮ ಕಡೆ ಇದ್ದೇನೆ ಅನ್ನುವುದು ಆ ಸಾಲಿನಲ್ಲೇ ಬಂದುಬಿಡುತ್ತದೆ. ಅರ್ಜಿಯ ಮಾತು ಎತ್ತುವ ಅಗತ್ಯವೂ ಕಡಿಮೆಯಾಗುತ್ತದೆ.

ಇದೇ ಜಾಗದಲ್ಲಿ ಜನ ಜಾರುತ್ತಾರೆ, ಹುಷಾರು. ಕೊಡುವ ಮಾತು ಬರೆಯುತ್ತಾ ಕೇಳುವ ಮಾತಿಗೆ ಇಳಿದುಬಿಡುತ್ತಾರೆ. ಒಬ್ಬರು ನಾಲ್ಕು ಸಾಲು ಚೆಂದದ ಅಭಿನಂದನೆ ಬರೆದು, ಐದನೆಯದರಲ್ಲಿ "ಅಂದಹಾಗೆ ನನ್ನ ರಜೆ ಅರ್ಜಿ ಇನ್ನೂ ಬಾಕಿ ಇದೆ" ಅಂದಿದ್ದರು. ಮೊದಲಿನ ನಾಲ್ಕೂ ಸಾಲು ಅಲ್ಲಿಗೆ ಸತ್ತವು.

ಕಿಟಕಿಸೀಟು

ರಜೆ ಸಿಕ್ಕಿತಾ?

ಹಳೇಫೈಲು

ಸಿಕ್ಕಿತು.

ಕಿಟಕಿಸೀಟು

ಮತ್ತೇನು!

ಮಾತುಗಾರ್ತಿ

ಶುಭಾಶಯದಲ್ಲಿ ಕೆಲಸದ ಮಾತು ಬೇಡವೇ ಬೇಡ ಅನ್ನುವವರೂ ಇದ್ದಾರೆ. ಆ ಶೀಟ್ ನಾನು ನೋಡಿಕೊಳ್ಳುತ್ತೇನೆ ಅಂದರೆ ಖುಷಿಯ ಮೇಲ್‌ನಲ್ಲೂ ಟು-ಡು ಲಿಸ್ಟ್ ತಂದ ಹಾಗಲ್ವಾ?

ಬೆಳ್ಳಿಚುಕ್ಕಿ

ನನಗೆ ಹಾಗೆ ಅನಿಸಲ್ಲ. ಹೊಸದಾಗಿ ಲೀಡ್ ಆದಾಗ ರಾತ್ರಿ ನಿದ್ದೆ ಕೆಡಿಸುವುದೇ ಅದು. ಹಳೇ ಕೆಲಸ ಯಾರಿಗೆ ಕೊಡಲಿ, ನಿನ್ನೆಯವರೆಗೆ ಜೊತೆಯವರಾಗಿದ್ದವರಿಗೆ ಹೇಗೆ ಹೇಳಲಿ ಅಂತ. ಒಬ್ಬರು ತಾವಾಗಿ ಒಂದನ್ನು ಎತ್ತಿಕೊಂಡರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಲೆಡ್ಜರ್‌ಲೋಕ

ಮೂರನೇ ಕರಡು. ಘೋಷಣೆ ಬಂದ ದಿನ ಇದನ್ನೇ ಕಳಿಸುವುದು ಅಂತಿದ್ದೇನೆ. "ನೀನು" ಇಟ್ಟಿದ್ದೇನೆ, ಮಾತುಗಾರ್ತಿ ಮೇಡಂ ಕ್ಷಮಿಸಿ. ಇನ್ನೂ ಮನಸ್ಸು ಓಲಾಡುತ್ತಿದೆ.

> ವಿಷಯ: ಟೀಮ್ ಲೀಡ್ ಆಗಿದ್ದಕ್ಕೆ ಅಭಿನಂದನೆ
>
> ಎಸ್,
>
> ಟೀಮ್ ಲೀಡ್ ಆಗಿದ್ದಕ್ಕೆ ಮನಸಾರೆ ಅಭಿನಂದನೆ.
>
> ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ನಿನ್ನ ಆ ಶೀಟ್. ಯಾರೂ ಕೇಳದೆ ಶುರು ಮಾಡಿದೆ, ನಾವು ಗೊಣಗಿದರೂ ವಾರ ವಾರ ಬಂದು ಎರಡು ಸಾಲು ತುಂಬಿಸಿಕೊಂಡು ಹೋದೆ. ಈಗ ತಿಂಗಳ ಕೊನೆ ನಾವೆಲ್ಲ ನಿರಾಳವಾಗಿರುವುದು ಅದರಿಂದಲೇ. ಲೀಡ್ ಅಂದರೆ ಇದೇ ಅಂತ ನನಗೆ ಆಗಲೇ ಅನಿಸಿತ್ತು.
>
> ಇನ್ನು ಮುಂದೆ ನಿನಗೆ ಬೇರೆ ಕೆಲಸ ಜಾಸ್ತಿ ಇರುತ್ತದೆ. ಬೇಕಾದರೆ ಆ ಶೀಟನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಜೊತೆ ಕೆಲಸ ಮಾಡುವುದು ಇನ್ನೂ ಮುಂದುವರಿಯುತ್ತದೆ ಅನ್ನುವುದು ಖುಷಿ.

ಎಂಟರ್‌ಬಟನ್

ಚೆನ್ನಾಗಿ ಬಂದಿದೆ. ಫೋನ್‌ನಲ್ಲಿ ಸ್ಕ್ರೋಲ್ ಮಾಡದೆ ಓದಬಹುದು. "ಮಾರ್ಗದರ್ಶನ" ಹೋಗಿ "ಜೊತೆ" ಬಂದಿದ್ದು ಒಳ್ಳೆಯದಾಯಿತು.

ಹಳೇಫೈಲು

"ಲೀಡ್ ಅಂದರೆ ಇದೇ ಅಂತ ಆಗಲೇ ಅನಿಸಿತ್ತು". ಇದೊಂದು ಸಾಲು ನೋಡಿ. ನಿಜವಾಗಿ ಆಗ ಅನಿಸಿದ್ದರೆ ಇಟ್ಟುಕೊಳ್ಳಿ. ಈಗ ಬರೆಯುವಾಗ ಹೊಳೆದಿದ್ದಾದರೆ ತೆಗೆಯಿರಿ. ಎಸ್ ನಿಮ್ಮನ್ನು ವರ್ಷಗಟ್ಟಲೆ ನೋಡಿದವರು, ಅವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಉಳಿದದ್ದೆಲ್ಲ ಹಾಗೇ ಇರಲಿ.

ಲೆಡ್ಜರ್‌ಲೋಕ

...ತೆಗೆದೆ.

ಬೆಳ್ಳಿಚುಕ್ಕಿ

ಅರ್ಜಿಯ ಸಾಲು ಇಲ್ಲದ್ದು ನನಗೆ ಇನ್ನೂ ಕೊರತೆ ಅನಿಸುತ್ತಿದೆ. ಮುಖತಃ ಮಾತಾಡುತ್ತೀರಿ ಅಂದರೆ ಸರಿ. ಆದರೆ ನಿಜವಾಗಿ ಮಾತಾಡಿ, ಮೇಲ್ ಕಳಿಸಿದೆ ಮುಗೀತು ಅಂತ ಬಿಡಬೇಡಿ.

ಗಡಿಬಿಡಿ

ನನ್ನ ಹುಡುಗನಿಗೆ ಬರೆದು ಕಳಿಸಿದೆ, ಕಲಿಸಿದ ಸಾಲು ತೆಗೆದು. "ಥ್ಯಾಂಕ್ಯೂ ಸರ್" ಅಂತ ಎರಡೇ ಪದ ಬಂತು. ಇದಕ್ಕೆ ಮತ್ತೆ ಉತ್ತರ ಕೊಡಬೇಕಾ?

ಎಂಟರ್‌ಬಟನ್

ಬೇಡ ಸ್ವಾಮಿ. ಅಲ್ಲಿಗೆ ಬಿಡಿ.

ಸುಮ್ನಿರಲಾರೆ

ಎರಡೇ ಪದಾನಾ? ಕಲಿಸಿದ ಸಾಲು ಇದ್ದಿದ್ದರೆ ಇನ್ನೊಂದೆರಡು ಜಾಸ್ತಿ ಬರೆಯುತ್ತಿದ್ದ ಅನಿಸುತ್ತೆ!

ಗಡಿಬಿಡಿ

ಹೆಂಡತಿಗೆ ತೋರಿಸುತ್ತೇನೆ ಇರಿ ಇದನ್ನು.